ಲಸಿಕೆಗೆ ಬಿಸಿ ಮಾತ್ರವಲ್ಲ, ಮಂಜುಗಡ್ಡೆಯೂ ಶತ್ರು

2019ರ ಅಕ್ಟೋಬರ್‌ನಲ್ಲಿ ಕಾಳ್ಗಿಚ್ಚಿನ ಭಯದಿಂದ ಬರ್ಕ್ಲಿ ಬೆಟ್ಟದ ಮನೆಗಳಿಗೆ ಕರೆಂಟ್ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಫ್ರಿಜ್‌ನಲ್ಲಿಟ್ಟ ಹಾಲು ಕೆಟ್ಟರೆ ವಾಸನೆಯಲ್ಲೇ ಗೊತ್ತಾಗುತ್ತದೆ. ಲಸಿಕೆ ಕೆಟ್ಟರೆ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಹಾಗಿದ್ದರೆ, ರಜೆಯಲ್ಲಿ ಊರಿಗೆ ಹೋದಾಗ ಮಗುವಿಗೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕಿಸಬಹುದೇ? ಗಂಟೆಗಟ್ಟಲೆ ಕರೆಂಟ್ ಹೋಗುವ ಕಡೆ ಅದು ಕೆಡದೆ ಉಳಿಯುವುದು ಹೇಗೆ?

ಇಲ್ಲಿನ ಕ್ಲಿನಿಕ್ಕಿನಲ್ಲಾಗಲಿ ಅಲ್ಲಾಗಲಿ, ಮಕ್ಕಳ ಹೆಚ್ಚಿನ ಲಸಿಕೆಗಳನ್ನು ಇಡುವುದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಲ್ಲಿನ ಲೆಕ್ಕದಲ್ಲಿ 36ರಿಂದ 46 ಡಿಗ್ರಿ ಫ್ಯಾರನ್‌ಹೀಟ್. ಬಿಸಿ ತಗುಲಿದರೆ ಪೋಲಿಯೊ ಹನಿ, ದಡಾರ ಲಸಿಕೆಗಳಲ್ಲಿರುವ ಜೀವಂತ ವೈರಸ್ ಸಾಯುತ್ತದೆ. ಹೆಪಟೈಟಿಸ್ ಬಿ, ಡಿಪಿಟಿ ಲಸಿಕೆಗಳಿಗೆ ಹೆಪ್ಪುಗಟ್ಟುವುದೇ ದೊಡ್ಡ ಅಪಾಯ. ಇವುಗಳಲ್ಲಿ ಔಷಧದ ಅಂಶ ಅಲ್ಯುಮಿನಿಯಂ ಲವಣದ ಸಣ್ಣ ಕಣಗಳಿಗೆ ಅಂಟಿಕೊಂಡಿರುತ್ತದೆ. ಹೆಪ್ಪುಗಟ್ಟಿದರೆ ಆ ಕಣಗಳು ಒಂದಕ್ಕೊಂದು ಸೇರಿ ಗಂಟಾಗುತ್ತವೆ. ಮತ್ತೆ ಕರಗಿಸಿದರೂ ಮೊದಲಿನಂತಾಗುವುದಿಲ್ಲ. ಅಂಥ ಸೀಸೆಯನ್ನು ಕುಲುಕಿಟ್ಟರೆ ಗಸಿ ಬೇಗನೆ ತಳಕ್ಕಿಳಿದು, ಮೇಲಿನ ನೀರು ತಿಳಿಯಾಗುತ್ತದೆ.

ಊರಿನ ಕೇಂದ್ರದಲ್ಲಿರುವುದು ಮೇಲಕ್ಕೆ ಮುಚ್ಚಳ ತೆರೆಯುವ, ಒಳಗೋಡೆಯ ಸುತ್ತ ಮಂಜುಗಡ್ಡೆ ಇರುವ ಐಎಲ್‌ಆರ್ ಎಂಬ ಫ್ರಿಜ್. ಮುಚ್ಚಳ ತೆಗೆದರೂ ಭಾರವಾದ ತಂಪು ಗಾಳಿ ಒಳಗೇ ಉಳಿಯುತ್ತದೆ. ದಿನಕ್ಕೆ ಎಂಟು ಗಂಟೆ ಕರೆಂಟ್ ಸಿಕ್ಕರೂ ಇದು ನಡೆಯುತ್ತದೆ. ತಳದಲ್ಲಿ ಚಳಿ ಹೆಚ್ಚು. ಆದ್ದರಿಂದ ಹೆಪ್ಪುಗಟ್ಟಬಾರದ ಲಸಿಕೆಗಳನ್ನು ಮೇಲಿನ ಬುಟ್ಟಿಯಲ್ಲಿಡುತ್ತಾರೆ.

ಲಸಿಕೆಯ ದಿನ ಎಎನ್‌ಎಂ ಸಿಸ್ಟರ್ ಸೀಸೆಗಳನ್ನು ನಾಲ್ಕು ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿ ಹಳ್ಳಿಗೆ ಒಯ್ಯುತ್ತಾರೆ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಪ್ಯಾಕ್ ಸೊನ್ನೆಗಿಂತ ಬಹಳ ಕೆಳಗಿರುತ್ತದೆ. ಹಾಗೇ ಇಟ್ಟರೆ ಪಕ್ಕದ ಸೀಸೆ ಹೆಪ್ಪುಗಟ್ಟಬಹುದು. ಅದಕ್ಕೇ ಮೊದಲು ಅವನ್ನು ಹೊರಗಿಟ್ಟು ಕಾಯಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳಿದರೆ ಪ್ಯಾಕ್ ಸಿದ್ಧ. ಕರಗುತ್ತಿರುವ ಮಂಜು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯದು. ಅವಸರದಲ್ಲಿ ಈ ಕಾಯುವಿಕೆ ತಪ್ಪಿದರೆ, ಚೆನ್ನಾಗಿ ತಂಪಾಗಿರಿಸಿದ ಪೆಟ್ಟಿಗೆಯಲ್ಲೇ ಲಸಿಕೆ ಹಾಳಾಗುತ್ತದೆ.

ಊರಲ್ಲಿ ಲಸಿಕೆ ಹಾಕಿಸುವಾಗ ಸೀಸೆಯನ್ನು ತೋರಿಸಿ ಎಂದು ಕೇಳಿ. ಅದರ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ. ಮತ್ತೆ ತಂಪಾಗಿಸಿದರೆ ಬಿಳಿಯಾಗುವುದಿಲ್ಲ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ, ಅವಧಿಯೂ ಮುಗಿದಿರದಿದ್ದರೆ ಬಳಸಬಹುದು. ವೃತ್ತದ ಬಣ್ಣಕ್ಕೆ ಸಮವಾದರೆ ಅಥವಾ ಇನ್ನೂ ಕಪ್ಪಾದರೆ ಬೇಡ. ಇದನ್ನು ನೋಡಲು ಓದು ಬರಬೇಕಿಲ್ಲ. ನಿಮ್ಮ ಮಗುವೇ ನೋಡಿ ಹೇಳಬಲ್ಲದು.

ಆದರೆ ಈ ಗುರುತು ಹೇಳುವುದು ಬಿಸಿಯ ಕಥೆಯನ್ನು ಮಾತ್ರ, ಹೆಪ್ಪುಗಟ್ಟಿದ್ದನ್ನಲ್ಲ. ಆದ್ದರಿಂದ ಇನ್ನೊಂದು ಪ್ರಶ್ನೆಯನ್ನೂ ಕೇಳಿ: “ಸಿಸ್ಟರ್, ಐಸ್ ಪ್ಯಾಕ್ ಕುಲುಕಿ ನೋಡಿದ್ರಾ?”