ಹೆಜ್ಜೆ ಎಷ್ಟು ಉದ್ದ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಎನ್‌ಜಿ ಪಾಠ ಮಾಡುತ್ತಿದ್ದ ಸಿಎಸ್229 ಎಂಬ ಮಶೀನ್ ಲರ್ನಿಂಗ್ ಕೋರ್ಸಿನ ಟಿಪ್ಪಣಿಗಳು ಆರಂಭವಾಗುವುದು ಮನೆಗಳ ಬೆಲೆಯಿಂದ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನ 47 ಮನೆಗಳ ವಿಸ್ತೀರ್ಣ, ಬೆಲೆ ಕೊಟ್ಟಿದ್ದಾರೆ. ಹೊಸದೊಂದು ಮನೆಯ ವಿಸ್ತೀರ್ಣ ಹೇಳಿದರೆ ಬೆಲೆ ಎಷ್ಟಿರಬಹುದೆಂದು ಲೆಕ್ಕ ಹಾಕಬೇಕು. ಇಲ್ಲಿಯವರೆಗೆ ಯಾರಿಗೂ ತೊಂದರೆಯಿಲ್ಲ. ಮೂರು ನಾಲ್ಕು ಪುಟ ದಾಟುವಷ್ಟರಲ್ಲಿ ಒಂದು ಸಾಲು ಬರುತ್ತದೆ. ಪಿಯುಸಿ ಗಣಿತವಷ್ಟೇ ಓದಿದವರು ಸಾಮಾನ್ಯವಾಗಿ ಪುಸ್ತಕ ಮುಚ್ಚಿಡುವುದು ಅಲ್ಲೇ:

θ := θ − α · dJ/dθ

ಇದೇ ಗ್ರೇಡಿಯೆಂಟ್ ಡಿಸೆಂಟ್. ಈ ಸಾಲಿನಲ್ಲಿರುವ ಡೆರಿವೇಟಿವ್ ಪಿಯುಸಿಯಲ್ಲಿ ಕಲಿತದ್ದೇ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ. ನಿಜವಾದ ತಲೆನೋವು ಅದರ ಪಕ್ಕದಲ್ಲಿ ಸದ್ದಿಲ್ಲದೆ ನಿಂತಿರುವ α. ಅಂಕಿಗಳನ್ನಿಟ್ಟು ನೋಡೋಣ.

ಟಿಪ್ಪಣಿಯ ಪಟ್ಟಿಯಿಂದ ಮೊದಲ ಐದು ಮನೆಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ವಿಸ್ತೀರ್ಣ 2104, 1600, 2400, 1416, 3000 ಚದರಡಿ. ಬೆಲೆ ಕ್ರಮವಾಗಿ 400, 330, 369, 232, 540 ಸಾವಿರ ಡಾಲರ್. ಕೈಲೆಕ್ಕಕ್ಕೆ ಅನುಕೂಲವಾಗಲೆಂದು ವಿಸ್ತೀರ್ಣವನ್ನು ಸಾವಿರ ಚದರಡಿಯಲ್ಲೂ ಬೆಲೆಯನ್ನು ಲಕ್ಷ ಡಾಲರಿನಲ್ಲೂ ಬರೆದುಕೊಳ್ಳೋಣ. ಆಗ ಮೊದಲ ಮನೆ 2.104, ಬೆಲೆ 4.00. ಈ ಅನುಕೂಲ ಕಾಣುವಷ್ಟು ಸಣ್ಣದಲ್ಲ. ಮುಂದೆ ಅದರ ಬಣ್ಣ ಬಯಲಾಗುತ್ತದೆ.

ಸದ್ಯಕ್ಕೆ ಅತ್ಯಂತ ಸರಳವಾದ ಊಹೆ ಮಾಡೋಣ: ಬೆಲೆ ಎಂದರೆ ವಿಸ್ತೀರ್ಣಕ್ಕೆ w ಎಂಬ ಒಂದು ಸಂಖ್ಯೆಯ ಗುಣಲಬ್ಧ. w ಎಷ್ಟೆಂದು ಹುಡುಕಬೇಕು. ಯಾವುದೋ ಒಂದು w ಹಿಡಿದರೆ ಪ್ರತಿ ಮನೆಗೂ ಊಹೆಯ ಬೆಲೆ wx, ನಿಜವಾದ ಬೆಲೆ y, ತಪ್ಪು wx − y. ಕೆಲವು ಮನೆಗಳಲ್ಲಿ ತಪ್ಪು ಧನ, ಕೆಲವದರಲ್ಲಿ ಋಣ. ಹಾಗೇ ಕೂಡಿಸಿದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಆದ್ದರಿಂದ ವರ್ಗ ಮಾಡಿ ಕೂಡಿಸುತ್ತಾರೆ. ಅದರ ಅರ್ಧವೇ J. ಅರ್ಧ ಏಕೆಂದರೆ, ಡೆರಿವೇಟಿವ್ ತೆಗೆದಾಗ ಇಳಿದುಬರುವ 2 ಅದರೊಂದಿಗೆ ವಜಾ ಆಗಲಿ ಎಂದು, ಅಷ್ಟೇ. ಬೇರೆ ಗೂಢಾರ್ಥವಿಲ್ಲ.

ಐದೂ ಮನೆಗಳ ಲೆಕ್ಕ ಕೂಡಿಸಿದರೆ x ವರ್ಗಗಳ ಮೊತ್ತ 23.75, xy ಗುಣಲಬ್ಧಗಳ ಮೊತ್ತ 42.04. ಹಾಗಾಗಿ

dJ/dw = 23.75 w − 42.04

ಇಲ್ಲಿ ಚುರುಕು ವಿದ್ಯಾರ್ಥಿ ಕೈ ಎತ್ತುತ್ತಾನೆ. ಕನಿಷ್ಠ ಬೇಕೆಂದರೆ ಡೆರಿವೇಟಿವನ್ನು ಸೊನ್ನೆಗೆ ಸಮ ಮಾಡಿದರೆ ಸಾಕಲ್ಲ, w = 42.04 ÷ 23.75 = 1.77 ಎಂದು ಒಂದೇ ಏಟಿಗೆ ಉತ್ತರ ಬಂತಲ್ಲ? ಬಂತು, ಸರಿಯಾಗಿಯೇ ಬಂತು. ಚದರಡಿಗೆ 177 ಡಾಲರ್. ಸರಳರೇಖೆಯ ಲೆಕ್ಕಕ್ಕೆ ಗ್ರೇಡಿಯೆಂಟ್ ಡಿಸೆಂಟ್ ಅನಿವಾರ್ಯವೇನಲ್ಲ, ಸಿಎಸ್229 ಟಿಪ್ಪಣಿಯಲ್ಲೂ ಸೊನ್ನೆಗೆ ಸಮ ಮಾಡುವ ಈ ದಾರಿಗೆ ಪ್ರತ್ಯೇಕ ಭಾಗವೇ ಇದೆ. ಆದರೆ ನ್ಯೂರಲ್ ನೆಟ್‌ವರ್ಕಿನಲ್ಲಿ w ಥರದವು ಲಕ್ಷ, ಕೋಟಿಗಳಲ್ಲಿರುತ್ತವೆ, ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅಲ್ಲಿ ಡೆರಿವೇಟಿವ್ ತೆಗೆಯಬಹುದು, ಅದನ್ನು ಸೊನ್ನೆಗೆ ಸಮ ಮಾಡಿ ಬಿಡಿಸಲು ಆಗುವುದಿಲ್ಲ. ಇಕ್ಕಟ್ಟು ಹೊಸದೂ ಅಲ್ಲ. ಫ್ರೆಂಚ್ ಗಣಿತಜ್ಞ ಕೋಶಿ 1847ರಲ್ಲೇ ಈ ಹೆಜ್ಜೆಹೆಜ್ಜೆಯ ವಿಧಾನವನ್ನು ಸೂಚಿಸಿದ್ದ. ಅವನ ಕಣ್ಣಿದ್ದದ್ದು ಖಗೋಳದ ಉದ್ದುದ್ದ ಸಮೀಕರಣಗಳ ಮೇಲೆ. ಉತ್ತರ ಗೊತ್ತಿರುವ ಸಣ್ಣ ಲೆಕ್ಕದಲ್ಲಿ ಅದನ್ನು ಓಡಿಸಿ ನೋಡುವುದರ ಲಾಭವೆಂದರೆ, ದಾರಿ ತಪ್ಪಿದರೆ ತಕ್ಷಣ ತಿಳಿಯುತ್ತದೆ.

w = 0 ಇಂದ ಹೊರಡೋಣ, α = 0.01 ಇರಲಿ. ಸೊನ್ನೆಯಲ್ಲಿ ಡೆರಿವೇಟಿವ್ −42.04. ಋಣ ಎಂದರೆ w ಹೆಚ್ಚಿದಂತೆ J ಇಳಿಯುತ್ತದೆ; ನಮಗೆ ಬೇಕಾದದ್ದೂ ಇಳಿತವೇ, ಆದ್ದರಿಂದ w ಹೆಚ್ಚಬೇಕು. ಡೆರಿವೇಟಿವಿನ ಚಿಹ್ನೆಗೆ ವಿರುದ್ಧ ದಿಕ್ಕಿಗೆ ಹೋಗಬೇಕೆಂಬುದೇ ಸೂತ್ರದಲ್ಲಿರುವ ಮೈನಸ್‌ನ ಅರ್ಥ. ಹೊಸ w = 0 + 0.01 × 42.04 = 0.42. ಅಲ್ಲಿ ಡೆರಿವೇಟಿವ್ ಸುಮಾರು −32, ಹಾಗಾಗಿ ಮುಂದಿನ w 0.74. ಅದರ ಮುಂದಿನದು 0.99. ಹೆಜ್ಜೆಗಳು ತಾವಾಗಿಯೇ ಚಿಕ್ಕದಾಗುತ್ತಿರುವುದನ್ನು ಗಮನಿಸಿ: ಮೊದಲು 0.42, ಆಮೇಲೆ 0.32, ಆಮೇಲೆ 0.24. α ಬದಲಾಗಿಲ್ಲ, ಇಳಿಜಾರು ಕಡಿಮೆಯಾಗಿದೆ. ಹತ್ತು ಹೆಜ್ಜೆಗೆ 1.65, ಇಪ್ಪತ್ತಕ್ಕೆ 1.76. ಉತ್ತರಕ್ಕೆ ಹತ್ತಿರ ಬಂದೆವು. ಈ ನಡುವೆ J ಕೂಡ 37.5ರಿಂದ 22.0ಕ್ಕೆ, ಅಲ್ಲಿಂದ 12.9ಕ್ಕೆ ಇಳಿಯುತ್ತ ಬಂದಿದೆ.

ಈ ವಿಧಾನವನ್ನು ಮಂಜು ಮುಸುಕಿದ ಬೆಟ್ಟದಿಂದ ಕಾಲಡಿಯ ಇಳಿಜಾರನ್ನಷ್ಟೇ ನಂಬಿ ಇಳಿಯುವವನಿಗೆ ಹೋಲಿಸುವುದು ವಾಡಿಕೆ. ದಿಕ್ಕಿನ ಮಟ್ಟಿಗೆ ಹೋಲಿಕೆ ಸರಿ. ಆದರೆ ಮನುಷ್ಯ ಕಡಿದಾದ ಕಡೆ ಹೆಜ್ಜೆ ಕಿರಿದು ಮಾಡುತ್ತಾನೆ. ಈ ಸೂತ್ರ ಕಡಿದಾದಷ್ಟೂ ಉದ್ದ ಹೆಜ್ಜೆ ಹಾಕುತ್ತದೆ. ಎಡವಟ್ಟಾಗುವುದು ಅಲ್ಲೇ.

ಬೇಗ ಮುಗಿಯಲಿ ಎಂದು α ಅನ್ನು 0.1 ಮಾಡೋಣ. ಮೊದಲ ಹೆಜ್ಜೆಗೇ w 4.20ಕ್ಕೆ ಹಾರುತ್ತದೆ, 1.77 ಹಿಂದೆಯೇ ಉಳಿಯಿತು. ಅಲ್ಲಿ ಇಳಿಜಾರು ಇನ್ನೂ ಕಡಿದು, ಚಿಹ್ನೆ ತಿರುವುಮುರುವು. ಮುಂದಿನ w −1.58. ಅಲ್ಲಿಂದ 6.37. J ನೋಡಿದರೆ 37.5, 70.7, 133.4. ಪ್ರತಿ ಸಲವೂ ಸರಿಯಾದ ದಿಕ್ಕಿಗೇ ಹೆಜ್ಜೆ ಇಟ್ಟಿದ್ದೇವೆ, ಪ್ರತಿ ಸಲವೂ ಗುರಿಯಿಂದ ಇನ್ನಷ್ಟು ದೂರ ಹೋಗಿದ್ದೇವೆ. ಕಂಪ್ಯೂಟರಿನಲ್ಲಿ ಹೀಗೇ ಬಿಟ್ಟರೆ ಸಂಖ್ಯೆಗಳು ಊದಿಕೊಳ್ಳುತ್ತ ಹೋಗಿ ಕೊನೆಗೆ ಪರದೆಯ ಮೇಲೆ `nan` ಎಂದು ಕಾಣುತ್ತದೆ. ಪ್ರೋಗ್ರಾಮ್ ಕೆಟ್ಟಿದೆ ಎಂದು ವಿದ್ಯಾರ್ಥಿ ಸಾಲುಸಾಲಾಗಿ ತಪ್ಪು ಹುಡುಕುತ್ತಾನೆ. ಪ್ರೋಗ್ರಾಮ್ ಸರಿಯಾಗಿಯೇ ಇರುತ್ತದೆ.

ಎಷ್ಟರವರೆಗೆ ಸುರಕ್ಷಿತ? ಇದಕ್ಕೂ ಪಿಯುಸಿ ಗಣಿತವೇ ಸಾಕು. ಉತ್ತರದಿಂದ ನಾವಿರುವ ದೂರ ಪ್ರತಿ ಹೆಜ್ಜೆಗೂ (1 − 23.75α) ಪಟ್ಟು ಆಗುತ್ತದೆ, ಸೂತ್ರದಲ್ಲಿ w ಬದಲು 1.77 + d ಹಾಕಿ ನೀವೇ ಪರೀಕ್ಷಿಸಿಕೊಳ್ಳಬಹುದು. ಈ ಪಟ್ಟು −1 ಮತ್ತು 1ರ ನಡುವೆ ಇದ್ದರೆ ದೂರ ಕುಗ್ಗುತ್ತದೆ, ಹೊರಗಿದ್ದರೆ ಹಿಗ್ಗುತ್ತದೆ. ಅಂದರೆ α, 2 ÷ 23.75ಕ್ಕಿಂತ, ಸುಮಾರು 0.084ಕ್ಕಿಂತ ಕಡಿಮೆ ಇರಬೇಕು. ಆ 23.75 ಎಂದರೆ J ನ ಎರಡನೆಯ ಡೆರಿವೇಟಿವ್, ವಕ್ರರೇಖೆ ಎಷ್ಟು ಬಿರುಸಾಗಿ ಬಾಗಿದೆ ಎಂಬುದರ ಅಳತೆ. ಹೆಜ್ಜೆಯ ಮಿತಿಯನ್ನು ನಿರ್ಧರಿಸುವುದು ಇಳಿಜಾರಲ್ಲ, ಆ ಬಾಗು.

ಇನ್ನು ಮೊದಲು ಮಾಡಿಕೊಂಡ ಅನುಕೂಲಕ್ಕೆ ಬರೋಣ. ವಿಸ್ತೀರ್ಣವನ್ನು ಸಾವಿರದಲ್ಲಿ ಬರೆಯದೆ 2104 ಎಂದೇ ಇಟ್ಟಿದ್ದರೆ? x ವರ್ಗಗಳ ಮೊತ್ತ 23.75ರ ಬದಲು ಸುಮಾರು 2 ಕೋಟಿ 37 ಲಕ್ಷ ಆಗುತ್ತಿತ್ತು. α 0.000000084ಕ್ಕಿಂತ ಕಡಿಮೆ ಇರಬೇಕಾಗುತ್ತಿತ್ತು. ಮನೆಗಳು ಅವೇ, ಬೆಲೆಗಳು ಅವೇ, ಬದಲಾದದ್ದು ಅಳತೆಯ ಮಾನ. ಟಿಪ್ಪಣಿಯ ಪಟ್ಟಿಯನ್ನು ಇದ್ದ ಹಾಗೆ ಕಂಪ್ಯೂಟರಿಗೆ ಕೊಟ್ಟು α 0.01 ಎಂದಿಟ್ಟವರಿಗೆ `nan` ಎದುರಾಗುವುದು ಇದರಿಂದ.

ಒಂದೇ ಅಜ್ಞಾತವಿದ್ದರೆ α ಸಣ್ಣದು ಮಾಡಿ ಪಾರಾಗಬಹುದು. ಟಿಪ್ಪಣಿಯಲ್ಲಿರುವುದು ಎರಡು: ಬೆಲೆ = θ₀ + θ₁x. ಎರಡಿದ್ದರೆ ಡೆರಿವೇಟಿವ್ ತೆಗೆಯುವುದು ಹೇಗೆ? ಒಂದನ್ನು ಸ್ಥಿರಸಂಖ್ಯೆ ಎಂದುಕೊಂಡು ಇನ್ನೊಂದಕ್ಕೆ ತೆಗೆಯಬೇಕು, ಆಮೇಲೆ ಅದಲುಬದಲು. θ₀ ಗೆ ಬರುವುದು ಎಲ್ಲ ತಪ್ಪುಗಳ ಮೊತ್ತ. Θ₁ ಗೆ ಬರುವುದು ಪ್ರತಿ ತಪ್ಪನ್ನೂ ಅದರ x ಇಂದ ಗುಣಿಸಿದ ಮೊತ್ತ. ಈ ಎರಡು ಸಂಖ್ಯೆಗಳ ಜೋಡಿಗೇ ಗ್ರೇಡಿಯೆಂಟ್ ಎನ್ನುವುದು. ಚದರಡಿಯಲ್ಲೇ ಲೆಕ್ಕ ಮಾಡಿದರೆ θ₁ ದಿಕ್ಕಿನ ಬಾಗು ಕೋಟಿಗಳಲ್ಲಿ, θ₀ ದಿಕ್ಕಿನದು ಬರೀ 5. α ಒಂದೇ ಆದ್ದರಿಂದ ಕಡಿದಾದ ದಿಕ್ಕು ಹೇಳಿದ್ದಕ್ಕೆ ತಲೆಬಾಗಬೇಕು; ಆ ಕಿರುಹೆಜ್ಜೆಯಲ್ಲಿ θ₀ ಕೋಟಿಗಟ್ಟಲೆ ಸಲ ಕದಲಿದರೂ ತನ್ನ ಜಾಗ ಮುಟ್ಟುವುದಿಲ್ಲ. ಇದು `nan`ಗಿಂತ ಮೋಸದ ತೊಂದರೆ. J ಮೊದಲು ಸರ್ರನೆ ಇಳಿದು ಆಮೇಲೆ ಸಮತಟ್ಟಾಗಿ ಕಾಣುತ್ತದೆ, ಕೆಲಸ ಮುಗಿಯಿತೆಂದು ನಾವು ನಿಲ್ಲಿಸುತ್ತೇವೆ.

ಪರಿಹಾರ ಸುಲಭ. ಪ್ರತಿ ವಿಸ್ತೀರ್ಣದಿಂದ ಸರಾಸರಿ ಕಳೆಯಿರಿ, ಬಂದದ್ದನ್ನು ಮಾನಕ ವಿಚಲನೆಯಿಂದ ಭಾಗಿಸಿ. ನಮ್ಮ ಐದು ಮನೆಗಳ ಸರಾಸರಿ ಸರಿಯಾಗಿ 2104, ಮೊದಲ ಮನೆಯದೇ ವಿಸ್ತೀರ್ಣ. ಮಾನಕ ವಿಚಲನೆ 569. ಹೀಗೆ ಮಾಡಿದಾಗ ಎರಡೂ ದಿಕ್ಕಿನ ಬಾಗು 5 ಆಗುತ್ತದೆ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುವುದಿಲ್ಲ. α = 0.1 ಇಟ್ಟರೆ ದೂರ ಪ್ರತಿ ಹೆಜ್ಜೆಗೂ ಅರ್ಧವಾಗುತ್ತದೆ. ಇಪ್ಪತ್ತು ಹೆಜ್ಜೆಯಲ್ಲಿ ಹತ್ತು ಲಕ್ಷದಲ್ಲಿ ಒಂದು ಪಾಲು ಉಳಿಯುತ್ತದೆ. ಚದರಡಿಗೆ ಮರಳಿಸಿದರೆ ಬೆಲೆ, ಸಾವಿರ ಡಾಲರಿನಲ್ಲಿ, 26.8 + 0.165 × ವಿಸ್ತೀರ್ಣ. ಟಿಪ್ಪಣಿಯಲ್ಲಿ 47 ಮನೆಗಳಿಂದ ಬಂದದ್ದು 71.27 ಮತ್ತು 0.1345. ವ್ಯತ್ಯಾಸಕ್ಕೆ ವಿಧಾನ ಹೊಣೆಯಲ್ಲ, ಐದೇ ಮನೆ ಹಿಡಿದದ್ದು ಹೊಣೆ.

ಸರಳರೇಖೆಯ J ಗೆ ತಳ ಒಂದೇ, ಆದ್ದರಿಂದ ಎಲ್ಲಿಂದ ಹೊರಟರೂ ಅಲ್ಲಿಗೇ ತಲುಪುತ್ತೇವೆ. ನ್ಯೂರಲ್ ನೆಟ್‌ವರ್ಕಿನಲ್ಲಿ ಆ ಭರವಸೆ ಇಲ್ಲ. ಹೊರಟ ಜಾಗ ಬದಲಾದರೆ ಸೇರುವ ಜಾಗವೂ ಬದಲಾಗಬಹುದು. ಅಲ್ಲಿ ಉದಾಹರಣೆಗಳೂ ಅಪಾರ, ಹಾಗಾಗಿ ಎಲ್ಲದರ ತಪ್ಪು ಕೂಡಿಸಿ ಒಂದು ಹೆಜ್ಜೆ ಇಡುವ ಬದಲು ಕೆಲವನ್ನಷ್ಟೇ ಆರಿಸಿ ಅಂದಾಜಿನ ಮೇಲೆ ಹೆಜ್ಜೆ ಇಡುತ್ತಾರೆ. ಅದಕ್ಕೆ ಸ್ಟೊಕಾಸ್ಟಿಕ್ ಗ್ರೇಡಿಯೆಂಟ್ ಡಿಸೆಂಟ್ ಎಂದು ಹೆಸರು. ಆಗ J ಪ್ರತಿ ಹೆಜ್ಜೆಗೂ ಇಳಿಯಬೇಕೆಂದಿಲ್ಲ, ಒಟ್ಟಾರೆ ಇಳಿದರೆ ಸಾಕು. ಎಲ್ಲ ಮನೆಗಳನ್ನೂ ಕೂಡಿಸಿ ನಡೆಯುವಾಗ ಮಾತ್ರ, J ಒಂದು ಸಲ ಏರಿದರೂ α ದೊಡ್ಡದಾಗಿದೆ ಅಥವಾ ಡೆರಿವೇಟಿವಿನಲ್ಲಿ ತಪ್ಪಿದೆ ಎಂದೇ ಅರ್ಥ. α ಎಷ್ಟು ಇಳಿಸಿದರೂ ಏರುತ್ತಲೇ ಇದ್ದರೆ ಡೆರಿವೇಟಿವನ್ನು ಅನುಮಾನಿಸಿ.

ನಾವು ಕೈಯಲ್ಲಿ ಮಾಡಿದ ಮೊದಲ ಲೆಕ್ಕ ಪೈಥಾನಿನಲ್ಲಿ ಇಷ್ಟೇ:

```python
x = [2.104, 1.6, 2.4, 1.416, 3.0]
y = [4.00, 3.30, 3.69, 2.32, 5.40]
w = 0.0
for k in range(20):
    g = sum((w*a - b)*a for a, b in zip(x, y))
    w = w - 0.01*g
print(w)
```

ಓಡಿಸಿದರೆ 1.762ರ ಆಸುಪಾಸು ಬರುತ್ತದೆ. ಆಮೇಲೆ 0.01 ಅನ್ನು ಅಳಿಸಿ 0.08 ಹಾಕಿ, w ಅತ್ತಿತ್ತ ಜಿಗಿಯುತ್ತಲೇ ನಿಧಾನವಾಗಿ ಹತ್ತಿರ ಬಂದು 1.55ರಲ್ಲಿರುತ್ತದೆ. ಕೊನೆಗೆ 0.09 ಹಾಕಿ ನೋಡಿ. ಓಡಿಸುವ ಮುಂಚೆ ಏನು ಬರಬಹುದೆಂದು 23.75 ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳಿ.