ಶೇಕಡಾ ಸರಿ, ಯಾವುದರ ಮೇಲೆ?

ಕರ್ನಾಟಕದ ಮೂರು ಜನಗಣತಿಗಳಿಂದ ತೆಗೆದ ಪುಟ್ಟ ಕೋಷ್ಟಕವೊಂದು ಇಲ್ಲಿದೆ. ಅಂಕಿಗಳೆಲ್ಲ ಲಕ್ಷಗಳಲ್ಲಿವೆ.

| ವರ್ಷ | ಗ್ರಾಮ | ನಗರ | ಒಟ್ಟು |
|---|---|---|---|
| 1991 | 310.7 | 139.1 | 449.8 |
| 2001 | 348.9 | 179.6 | 528.5 |
| 2011 | 374.7 | 236.3 | 611.0 |

ಬ್ಯಾಂಕ್ ಪರೀಕ್ಷೆ ಇರಲಿ, ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಿಸ್ಯಾಟ್ ಪತ್ರಿಕೆ ಇರಲಿ, ದತ್ತಾಂಶ ವಿಶ್ಲೇಷಣೆಯ ಪ್ರಶ್ನೆ ಸಾಮಾನ್ಯವಾಗಿ ಇಂಥದೇ ಒಂದು ಕೋಷ್ಟಕದಿಂದ ಶುರುವಾಗುತ್ತದೆ. ಕೆಳಗೆ ನಾಲ್ಕೈದು ಪ್ರಶ್ನೆ ಇರುತ್ತವೆ, ಕೈಯಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ. ಬೇಕಾಗುವ ಗಣಿತ ಪ್ರೌಢಶಾಲೆಯ ಮಟ್ಟ ದಾಟುವುದಿಲ್ಲ. ಆದರೂ ಲೆಕ್ಕ ಚೆನ್ನಾಗಿ ಬರುವವರೇ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಭಾಗಾಕಾರದಲ್ಲಿ ಎಡವುವುದಕ್ಕಿಂತ ಹೆಚ್ಚಾಗಿ, ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬುದರಲ್ಲಿ ಎಡವುತ್ತಾರೆ. ಪ್ರಶ್ನೆ ತಯಾರಿಸುವವರಿಗೂ ಇದು ಗೊತ್ತು. ಹಾಗಾಗಿ ನಾಲ್ಕು ಆಯ್ಕೆಗಳಲ್ಲಿ ಒಂದಾದರೂ ತಪ್ಪು ಸಂಖ್ಯೆಯಿಂದ ಭಾಗಿಸಿದವರಿಗೆಂದೇ ಕಾದಿರುತ್ತದೆ.

ಲೆಕ್ಕಕ್ಕೆ ಇಳಿಯುವ ಮೊದಲು ಕೋಷ್ಟಕದ ತಲೆಬರಹ ಮತ್ತು ಅಂಚುಗಳನ್ನು ಓದಬೇಕು. ಅಂಕಿಗಳು ಲಕ್ಷದಲ್ಲಿವೆಯೋ ಸಾವಿರದಲ್ಲಿವೆಯೋ? ಒಟ್ಟು ಅಂಕಣವನ್ನು ಅವರೇ ಕೊಟ್ಟಿದ್ದಾರೋ ನಾವು ಕೂಡಿಕೊಳ್ಳಬೇಕೋ? ವರ್ಷಗಳ ನಡುವಿನ ಅಂತರ ಒಂದೇ ಸಮನಾಗಿದೆಯೋ? ನಮ್ಮ ಕೋಷ್ಟಕದಲ್ಲಿ ಹತ್ತತ್ತು ವರ್ಷದ ಅಂತರವಿದೆ, ಗ್ರಾಮ ಮತ್ತು ನಗರ ಕೂಡಿದರೆ ಒಟ್ಟು ಬರುತ್ತದೆ. ಇಷ್ಟನ್ನು ನೋಡಿಕೊಳ್ಳಲು ಅರ್ಧ ನಿಮಿಷ ಸಾಕು. ಅಡಿಟಿಪ್ಪಣಿ ಏನಾದರೂ ಇದ್ದರೆ ಅದನ್ನೂ ಓದಬೇಕು, ಎಷ್ಟೋ ಸಲ ಪ್ರಶ್ನೆಯ ಕೀಲಿ ಅಲ್ಲಿಯೇ ಇರುತ್ತದೆ.

ಈಗ ಮೊದಲ ಪ್ರಶ್ನೆ. 2001ರಿಂದ 2011ಕ್ಕೆ ನಗರ ಜನಸಂಖ್ಯೆ ಶೇಕಡಾ ಎಷ್ಟು ಹೆಚ್ಚಿತು? 236.3ರಲ್ಲಿ 179.6 ಕಳೆದರೆ 56.7 ಲಕ್ಷ. ಇದು ಏರಿಕೆ. ಈ ಏರಿಕೆ ಯಾವುದರ ಮೇಲೆ ಆಯಿತು? 2001ರಲ್ಲಿ ಇದ್ದ 179.6ರ ಮೇಲೆ. ಆದ್ದರಿಂದ 56.7ನ್ನು 179.6ರಿಂದಲೇ ಭಾಗಿಸಬೇಕು. ಇಲ್ಲಿ ಉದ್ದ ಭಾಗಾಕಾರ ಮಾಡುತ್ತ ಕೂರಬೇಕಿಲ್ಲ. 179.6ನ್ನು 180 ಎಂದುಕೊಳ್ಳಿ. ಅದರ ಶೇ 10 ಎಂದರೆ 18, ಶೇ 30 ಎಂದರೆ 54. ನಮ್ಮ ಬಳಿ 56.7 ಇದೆ, ಅಂದರೆ 54 ಹೋಗಿ ಇನ್ನೂ 2.7 ಉಳಿಯಿತು. 180ರ ಶೇ 1 ಎಂದರೆ 1.8, ಶೇ 1.5 ಎಂದರೆ ಸರಿಯಾಗಿ 2.7. ಅಲ್ಲಿಗೆ ಉತ್ತರ ಶೇ 31.5. ಭಾಜಕವನ್ನು 179.6ರಿಂದ 180ಕ್ಕೆ ಕೊಂಚ ಹಿಗ್ಗಿಸಿದ್ದರಿಂದ ನಿಜವಾದ ಉತ್ತರ ಇದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು, ಪೂರ್ತಿ ಭಾಗಿಸಿದರೆ 31.57 ಬರುತ್ತದೆ. ಅಂದಾಜು ಮಾಡುವಾಗ ಉತ್ತರ ಯಾವ ದಿಕ್ಕಿಗೆ ವಾಲಿದೆ ಎಂಬುದನ್ನು ಹೀಗೆ ಗಮನದಲ್ಲಿ ಇಟ್ಟುಕೊಂಡವರಿಗೆ ಆಯ್ಕೆಗಳು ಹತ್ತಿರ ಹತ್ತಿರ ಇದ್ದರೂ ಗಾಬರಿಯಾಗುವುದಿಲ್ಲ.

ಇದೇ 56.7ನ್ನು ಯಾರಾದರೂ 236.3ರಿಂದ ಭಾಗಿಸಿದರೆ ಶೇ 24 ಬರುತ್ತದೆ. ಲೆಕ್ಕ ತಪ್ಪಲ್ಲ, ಆದರೆ ಅದು ಬೇರೆ ಪ್ರಶ್ನೆಯ ಉತ್ತರ. 2001ರ ನಗರ ಜನಸಂಖ್ಯೆ 2011ಕ್ಕಿಂತ ಶೇಕಡಾ ಎಷ್ಟು ಕಡಿಮೆಯಿತ್ತು ಎಂದು ಕೇಳಿದ್ದರೆ 24 ಸರಿಯಾಗುತ್ತಿತ್ತು. ಒಂದೇ ವ್ಯತ್ಯಾಸವನ್ನು ಮೇಲಿನಿಂದ ನೋಡಿದಾಗ 24, ಕೆಳಗಿನಿಂದ ನೋಡಿದಾಗ 31.6. ಕನ್ನಡದಲ್ಲಿ ಪ್ರಶ್ನೆ ಓದುವವರಿಗೆ ಒಂದು ಅನುಕೂಲವಿದೆ. ‘ಗಿಂತ’ ಅಥವಾ ‘ರಿಂದ’ ಯಾವ ಸಂಖ್ಯೆಗೆ ಅಂಟಿಕೊಂಡಿದೆಯೋ ಸಾಮಾನ್ಯವಾಗಿ ಅದೇ ಛೇದ. ‘2011ಕ್ಕಿಂತ ಕಡಿಮೆ’ ಎಂದಾಗ 2011ರ ಅಂಕಿ ಕೆಳಗೆ ಹೋಗುತ್ತದೆ, ‘2001ರಿಂದ ಏರಿಕೆ’ ಎಂದಾಗ 2001ರದು. ಪೆನ್ಸಿಲಿನಿಂದ ಆ ಒಂದು ಪದಕ್ಕೆ ಗೆರೆ ಎಳೆದುಕೊಂಡು ಮುಂದೆ ಹೋಗುವುದು ಒಳ್ಳೆಯದು.

ಗ್ರಾಮೀಣ ಅಂಕಣಕ್ಕೆ ಬರೋಣ. 348.9 ಇದ್ದದ್ದು 374.7 ಆಯಿತು, ಏರಿಕೆ 25.8 ಲಕ್ಷ. 348.9ರ ಶೇ 1 ಎಂದರೆ ಸುಮಾರು 3.5, ಹಾಗಾಗಿ 25.8 ಎಂದರೆ ಶೇ 7.4ರ ಆಸುಪಾಸು. ಈಗ ಪರೀಕ್ಷೆಯವರು ಕೇಳುವ ಜಾಣ ಪ್ರಶ್ನೆ ಬರುತ್ತದೆ: ರಾಜ್ಯದ ಒಟ್ಟು ಜನಸಂಖ್ಯೆ ಶೇಕಡಾ ಎಷ್ಟು ಏರಿತು? ಶೇ 31.6 ಮತ್ತು ಶೇ 7.4 ಈಗಾಗಲೇ ಕೈಯಲ್ಲಿರುವುದರಿಂದ ಎರಡನ್ನೂ ಕೂಡಿ ಅರ್ಧ ಮಾಡುವ ಆಸೆಯಾಗುತ್ತದೆ. ಆಗ ಬರುವ ಉತ್ತರ 19.5. ಒಟ್ಟು ಅಂಕಣದಿಂದಲೇ ಲೆಕ್ಕ ಹಾಕಿದರೆ 82.5ನ್ನು 528.5ರಿಂದ ಭಾಗಿಸಬೇಕು, ಬರುವುದು ಶೇ 15.6. ಜನಗಣತಿ ಇಲಾಖೆ ಪ್ರಕಟಿಸಿದ ದಶಕದ ಬೆಳವಣಿಗೆ ದರವೂ ಅದೇ.

ಈ ನಾಲ್ಕು ಅಂಶಗಳ ವ್ಯತ್ಯಾಸಕ್ಕೆ ಕಾರಣ ಸರಳ. 2001ರಲ್ಲಿ ಮೂವರಲ್ಲಿ ಇಬ್ಬರು ಹಳ್ಳಿಗಳಲ್ಲಿದ್ದರು. ಹಾಗಾಗಿ ಹಳ್ಳಿಯ 7.4ಕ್ಕೆ ನಗರದ 31.6ಕ್ಕಿಂತ ಎರಡು ಪಟ್ಟು ತೂಕ. ಒಟ್ಟು ದರ ಯಾವಾಗಲೂ ಎರಡು ದರಗಳ ನಡುವೆಯೇ ಇರುತ್ತದೆ, ಆದರೆ ಆರಂಭದಲ್ಲಿ ಹೆಚ್ಚು ಜನರಿದ್ದ ಕಡೆಗೆ ಜರುಗಿರುತ್ತದೆ. ಇದನ್ನು ತಾಳೆ ನೋಡಲೂ ಬಳಸಬಹುದು. ನಿಮ್ಮ ಒಟ್ಟು ದರ 7.4 ಮತ್ತು 31.6ರ ನಡುವೆ ಬೀಳದಿದ್ದರೆ ಎಲ್ಲೋ ಸಾಲು ತಪ್ಪಿ ಓದಿದ್ದೀರಿ ಎಂದೇ ಅರ್ಥ. ನಡುವೆ ಬಿದ್ದರೂ ಹಳ್ಳಿಯ ದರಕ್ಕಿಂತ ನಗರದ ದರಕ್ಕೆ ಹತ್ತಿರ ಬಂದಿದ್ದರೆ ಆಗಲೂ ಅನುಮಾನಿಸಬೇಕು.

ದಶಕಗಳನ್ನು ಕೂಡಿಸುವುದರಲ್ಲೂ ಇದೇ ತೊಡಕಿದೆ. ನಗರ ಜನಸಂಖ್ಯೆ 1991ರಿಂದ 2001ಕ್ಕೆ ಶೇ 29.1 ಏರಿತು, ಮುಂದಿನ ದಶಕದಲ್ಲಿ ಶೇ 31.6. ಕೂಡಿದರೆ 60.7. ಆದರೆ 139.1ರಿಂದ 236.3ಕ್ಕೆ ನೇರವಾಗಿ ಲೆಕ್ಕ ಹಾಕಿದರೆ ಏರಿಕೆ ಶೇ 69.9. ಎರಡನೆಯ ದಶಕದ 31.6 ಎಣಿಕೆಯಾದದ್ದು ಆಗಲೇ ಹಿಗ್ಗಿದ್ದ 179.6ರ ಮೇಲೆ, ಮೂಲದ 139.1ರ ಮೇಲಲ್ಲ. ಬಡ್ಡಿಯ ಮೇಲೆ ಬಡ್ಡಿ ಬಿದ್ದ ಹಾಗೆ, ಏರಿಕೆಯ ಮೇಲೆ ಬಿದ್ದ ಏರಿಕೆಯೇ ಆ ಹೆಚ್ಚುವರಿ 9.2.

ಇನ್ನು ಅನುಪಾತ. 2011ರಲ್ಲಿ ನಗರ ಮತ್ತು ಗ್ರಾಮ ಜನಸಂಖ್ಯೆಯ ಅನುಪಾತ ಸರಿಸುಮಾರು ಎಷ್ಟು ಎಂದು ಕೇಳಿ, 2:3, 5:8, 5:13, 8:5 ಎಂದು ಆಯ್ಕೆ ಕೊಟ್ಟಿದ್ದಾರೆ ಎನ್ನೋಣ. 236.3 ಮತ್ತು 374.7ರ ಸಾಮಾನ್ಯ ಅಪವರ್ತನ ಹುಡುಕಿಕೊಂಡು ಹೋದರೆ ಹೊತ್ತು ಕಳೆಯುತ್ತದೆ ಅಷ್ಟೆ. ಆಯ್ಕೆಗಳನ್ನೇ ಹಿಡಿದು ಪರೀಕ್ಷಿಸುವುದು ಬೇಗದ ದಾರಿ. 2:3 ನಿಜವಾದರೆ 375ರ ಮೂರನೇ ಒಂದು ಭಾಗ 125, ಅದರ ಎರಡರಷ್ಟು 250 ನಗರದಲ್ಲಿರಬೇಕು. ಇರುವುದು 236, ದೂರವಾಯಿತು. 5:8 ನಿಜವಾದರೆ 375ರ ಎಂಟನೇ ಒಂದು ಭಾಗ ಸುಮಾರು 47, ಅದರ ಐದರಷ್ಟು 235. ಇದು ಸರಿಹೋಯಿತು.

ಹಾಗಾದರೆ 5:13 ಅಲ್ಲೇಕಿದೆ? ಅದು ನಗರ ಮತ್ತು ಒಟ್ಟು ಜನಸಂಖ್ಯೆಯ ಅನುಪಾತ, 236.3ಕ್ಕೆ 611. ಐದು ಪಾಲು ನಗರ, ಎಂಟು ಪಾಲು ಗ್ರಾಮ ಎಂದರೆ ಎಲ್ಲ ಸೇರಿ ಹದಿಮೂರು ಪಾಲು. ಭಾಗವನ್ನು ಇನ್ನೊಂದು ಭಾಗಕ್ಕೆ ಹೋಲಿಸುವುದು ಬೇರೆ, ಭಾಗವನ್ನು ಪೂರ್ಣಕ್ಕೆ ಹೋಲಿಸುವುದು ಬೇರೆ. ಇದೇ ಗೊಂದಲ ಲಿಂಗಾನುಪಾತದಲ್ಲೂ ಆಗುತ್ತದೆ. 2011ರಲ್ಲಿ ಕರ್ನಾಟಕದ ಲಿಂಗಾನುಪಾತ 973, ಅಂದರೆ ಸಾವಿರ ಗಂಡಸರಿಗೆ 973 ಹೆಂಗಸರು. ಇದನ್ನು ನೋಡಿ ಹೆಂಗಸರ ಪಾಲು ಶೇ 97.3 ಎಂದು ಯಾರೂ ಹೇಳುವುದಿಲ್ಲ. 973ನ್ನು 1973ರಿಂದ ಭಾಗಿಸಬೇಕು, ಪಾಲು ಶೇ 49.3 ಎಂದು ಎಲ್ಲರಿಗೂ ಹೊಳೆಯುತ್ತದೆ. ನಗರ ಗ್ರಾಮಗಳ ವಿಷಯ ಬಂದಾಗ ಮಾತ್ರ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. 8:5 ಇರುವುದು ಅನುಪಾತವನ್ನು ತಿರುಗಿಸಿ ಓದಿದವರಿಗಾಗಿ. ಪ್ರಶ್ನೆಯಲ್ಲಿ ಮೊದಲು ಬಂದದ್ದು ಮೊದಲು ಬರಬೇಕು ಎಂಬುದೊಂದೇ ಅಲ್ಲಿನ ನಿಯಮ.

ಪಾಲುಗಳ ಬದಲಾವಣೆ ಕೇಳಿದಾಗ ಇನ್ನೊಂದು ಎಚ್ಚರ ಬೇಕು. ಒಟ್ಟು ಜನಸಂಖ್ಯೆಯಲ್ಲಿ ನಗರದ ಪಾಲು 2001ರಲ್ಲಿ ಶೇ 34 ಇತ್ತು, 2011ರಲ್ಲಿ ಶೇ 38.7 ಆಯಿತು. ಪಾಲು ಶೇ 4.7ರಷ್ಟು ಹೆಚ್ಚಿತು ಎಂದು ಪತ್ರಿಕೆಗಳಲ್ಲಿ ಬರೆದುಬಿಡುತ್ತೇವೆ. ಅದು ಸಡಿಲ ಬರವಣಿಗೆ. ಹೆಚ್ಚಿದ್ದು 4.7 ಶೇಕಡಾ ಅಂಶಗಳು, ಅಂದರೆ ಎರಡು ಶೇಕಡಾಗಳ ನಡುವಿನ ನೇರ ವ್ಯತ್ಯಾಸ. ಶೇಕಡಾವಾರು ಏರಿಕೆ ಬೇಕೆಂದರೆ 4.7ನ್ನು 34ರಿಂದ ಭಾಗಿಸಬೇಕು, ಬರುವುದು ಸುಮಾರು ಶೇ 13.8. ಪ್ರಶ್ನೆಯಲ್ಲಿ ಯಾವುದನ್ನು ಕೇಳಿದ್ದಾರೆ ಎಂಬುದು ಸ್ಪಷ್ಟವಾಗಿ ಇದ್ದೇ ಇರುತ್ತದೆ, ಆದರೆ ಎರಡೂ ಉತ್ತರಗಳು ಆಯ್ಕೆಗಳಲ್ಲಿ ಕೂತಿರುವುದರಿಂದ ಅವಸರದಲ್ಲಿ ಓದುವವರು ತಪ್ಪುತ್ತಾರೆ. ಸುದ್ದಿಮನೆಯವರು ಇದನ್ನು ಸರಿಯಾಗಿ ಬರೆದರೆ ಓದುಗರಿಗೂ ಪರೀಕ್ಷಾರ್ಥಿಗಳಿಗೂ ಉಪಕಾರವಾಗುತ್ತದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ದಶಮಾಂಶಗಳ ಬಗ್ಗೆ ಒಂದು ಮಾತು. ನಾವು ಲಕ್ಷಕ್ಕೆ ಸರಿಹೊಂದಿಸಿದ ಅಂಕಿಗಳಿಂದ ನಗರದ ಏರಿಕೆ 31.57 ಬಂತು, ಜನಗಣತಿಯ ಪೂರ್ಣ ಸಂಖ್ಯೆಗಳಿಂದ ಲೆಕ್ಕ ಹಾಕಿದರೆ 31.54 ಬರುತ್ತದೆ. ಒಂದು ದಶಮಾಂಶವಿರುವ ಕೋಷ್ಟಕದಿಂದ ಎರಡು ದಶಮಾಂಶದ ಖಚಿತ ಉತ್ತರ ಹಿಂಡಲು ಹೊರಡುವುದರಲ್ಲಿ ಅರ್ಥವಿಲ್ಲ. ‘ಸುಮಾರು’ ಎಂಬ ಪದ ಪ್ರಶ್ನೆಯಲ್ಲಿದ್ದರೆ ಅದು ಅಂದಾಜಿಗೆ ಕೊಟ್ಟ ಅನುಮತಿ.

ಕೊನೆಯದಾಗಿ, ಕೋಷ್ಟಕ ಹೇಳದೇ ಇರುವುದನ್ನು ಅದರ ಬಾಯಿಂದ ಹೇಳಿಸುವ ಪ್ರಶ್ನೆಗಳಿರುತ್ತವೆ. ‘2001ರಿಂದ 2011ರ ನಡುವೆ ಹಳ್ಳಿಯಿಂದ ನಗರಕ್ಕೆ ವಲಸೆ ಹೋದವರು ಎಷ್ಟು?’ ನಗರ 56.7 ಲಕ್ಷ ಏರಿದೆ, ಹಳ್ಳಿ ನಿಧಾನವಾಗಿ ಬೆಳೆದಿದೆ, ಉತ್ತರ ಇಲ್ಲೇ ಎಲ್ಲೋ ಇರಬೇಕು ಎನಿಸುತ್ತದೆ. ಆದರೆ ನಗರದಲ್ಲೇ ಹುಟ್ಟಿದ ಮಕ್ಕಳೂ ಆ 56.7ರಲ್ಲಿ ಇದ್ದಾರೆ, ಹೊರರಾಜ್ಯಗಳಿಂದ ಬಂದವರೂ ಇದ್ದಾರೆ. ಅಷ್ಟೇ ಅಲ್ಲ, ಜನಗಣತಿಯಲ್ಲಿ ಒಂದು ಊರು ಗ್ರಾಮದ ಪಟ್ಟಿಯಿಂದ ಪಟ್ಟಣದ ಪಟ್ಟಿಗೆ ಜಿಗಿಯಬಹುದು. ಪುರಸಭೆ, ನಗರಸಭೆಗಳಿಲ್ಲದ ಊರಾದರೂ ಕನಿಷ್ಠ 5,000 ಜನಸಂಖ್ಯೆ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನಸಾಂದ್ರತೆ ಇದ್ದು, ದುಡಿಯುವ ಗಂಡಸರಲ್ಲಿ ಕನಿಷ್ಠ ಶೇ 75 ಮಂದಿ ಕೃಷಿಯೇತರ ಕೆಲಸದಲ್ಲಿದ್ದರೆ ಅದನ್ನು ಜನಗಣತಿ ಪಟ್ಟಣ ಎಂದು ಎಣಿಸುತ್ತಾರೆ. ಅಲ್ಲಿನ ಜನ ಮನೆ ಬಿಟ್ಟು ಒಂದು ಹೆಜ್ಜೆ ಕದಲದೆಯೇ ಗ್ರಾಮದ ಅಂಕಣದಿಂದ ನಗರದ ಅಂಕಣಕ್ಕೆ ಬಂದಿರುತ್ತಾರೆ. ನಮ್ಮ ಕೋಷ್ಟಕದಲ್ಲಿ ಇವರನ್ನು ಬೇರ್ಪಡಿಸಿ ತೋರಿಸುವ ಅಂಕಣವೇ ಇಲ್ಲ. ವಲಸೆಯ ಪ್ರಶ್ನೆಗೆ ‘ಕೊಟ್ಟ ದತ್ತಾಂಶ ಸಾಲದು’ ಎಂಬ ಆಯ್ಕೆ ಇದ್ದರೆ, ಗುರುತು ಹಾಕಬೇಕಾದದ್ದು ಅದಕ್ಕೇ.