ಸಂದರ್ಶನ ಮುಗಿದ ಮೇಲೆ ಕಳಿಸುವ ಒಂದು ಪುಟ

ಸಂದರ್ಶನ ಮುಗಿಸಿ ಬಂದ ಮೇಲೆ ಕೆಲವರು ಧನ್ಯವಾದದ ಮೇಲ್ ಜೊತೆಗೆ ತಮ್ಮ ಕೆಲಸದ ಮಾದರಿಯನ್ನೋ ಒಂದು ಲೇಖನವನ್ನೋ ಮ್ಯಾನೇಜರಿಗೆ ಕಳಿಸುತ್ತಾರೆ. ಇದರಿಂದ ನಿಜವಾಗಿ ಪ್ರಯೋಜನವಾಗಬೇಕಾದರೆ ಅದು ಮ್ಯಾನೇಜರ್ ಸಂದರ್ಶನದಲ್ಲಿ ಹೇಳಿಕೊಂಡ ಒಂದು ತೊಂದರೆಗೆ ಉತ್ತರವಾಗಿರಬೇಕು. ನಮ್ಮ ಜಾಣತನ ತೋರಿಸಲು ಕಳಿಸಿದ ಕಡತವನ್ನು ತೆರೆದು ನೋಡುವಷ್ಟು ಬಿಡುವು ಅವರಿಗಿರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಮನೆಮನೆಗೆ ಸಾಮಾನು ತಲುಪಿಸುವ ಬೆಂಗಳೂರಿನ ಕಂಪನಿಯೊಂದಕ್ಕೆ ಡೇಟಾ ಅನಲಿಸ್ಟ್ ಬೇಕಾಗಿದೆ. ಸಂದರ್ಶನಕ್ಕೆ ಬಂದ ಯುವತಿಯೊಡನೆ ಮ್ಯಾನೇಜರ್ ಮಾತಿನ ನಡುವೆ ಹೇಳುತ್ತಾರೆ: “ಗ್ರಾಹಕರು ಊರಿನ ಹೆಸರನ್ನು ಮನಸ್ಸಿಗೆ ಬಂದ ಹಾಗೆ ಟೈಪ್ ಮಾಡ್ತಾರೆ ನೋಡಿ. ನಮ್ಮ ರಿಪೋರ್ಟಲ್ಲಿ ಬೆಂಗಳೂರೇ ಮೂರು ಊರಾಗಿ ಬರುತ್ತೆ.” Bengaluru, Bangalore, Blore ಎಂದು ಬೇರೆ ಬೇರೆಯಾಗಿ ಬರೆದದ್ದನ್ನು ಕಂಪ್ಯೂಟರ್ ಬೇರೆ ಬೇರೆ ಊರೆಂದೇ ಎಣಿಸುತ್ತದೆ. ಯುವತಿ ಆ ಮಾತನ್ನು ಬರೆದಿಟ್ಟುಕೊಳ್ಳುತ್ತಾಳೆ. ಕಳಿಸಬೇಕಾದ ಪುಟ ಹುಟ್ಟುವುದು ಇಲ್ಲಿಂದಲೇ.

ಮನೆಗೆ ಬಂದು ಅವಳು ನಲವತ್ತು ವಿಳಾಸಗಳನ್ನು ತಾನೇ ಕಲ್ಪಿಸಿ ಎಕ್ಸೆಲ್‌ನಲ್ಲಿ ಬರೆಯುತ್ತಾಳೆ. ಊರಿನ ಹೆಸರನ್ನು ಬದಿಗಿಟ್ಟು ಪಿನ್ ಕೋಡ್ ಹಿಡಿಯುತ್ತಾಳೆ. ಆರು ಅಂಕಿಯ ಈ ಸಂಖ್ಯೆಯ ಮೊದಲ ಮೂರು ಅಂಕಿಗಳು ಅಂಚೆ ವಿಂಗಡಣೆಯ ಜಿಲ್ಲೆಯನ್ನು ಸೂಚಿಸುತ್ತವೆ. ಬೆಂಗಳೂರು ನಗರದ ಪಿನ್‌ಗಳು 560ರಿಂದ ಶುರುವಾಗುತ್ತವೆ. ಪಿನ್ ಕೋಡ್ B ಕಾಲಮ್ಮಿನಲ್ಲಿದ್ದರೆ ಇಷ್ಟು ಸಾಕು:

```
=LEFT(B2,3)
```

ಮೂರು ಹೆಸರಿನಲ್ಲಿ ಹರಿದು ಹಂಚಿಹೋಗಿದ್ದ ಸಾಲುಗಳೆಲ್ಲ 560ರ ಕೆಳಗೆ ಒಟ್ಟುಗೂಡುತ್ತವೆ. ಮೊದಲು ಹೇಗಿತ್ತು, ಈಗ ಹೇಗಾಯಿತು ಎಂದು ಎರಡು ಚಿಕ್ಕ ಕೋಷ್ಟಕಗಳನ್ನು ಅವಳು ಒಂದೇ ಪುಟದಲ್ಲಿ ಇಡುತ್ತಾಳೆ. ಕೆಳಗೆ ಈ ಉಪಾಯದ ಮಿತಿಯನ್ನೂ ಬರೆಯುತ್ತಾಳೆ: ಆನೇಕಲ್ ಬೆಂಗಳೂರು ನಗರ ಜಿಲ್ಲೆಯಲ್ಲಿದ್ದರೂ ಅದರ ಪಿನ್ 562106, ಹಾಗಾಗಿ ಅಂಥ ಊರುಗಳಿಗೆ ಪ್ರತ್ಯೇಕ ಪಟ್ಟಿ ಬೇಕಾಗುತ್ತದೆ. ಇಡೀ ಪುಟದಲ್ಲಿ ಹೆಚ್ಚು ಬೆಲೆಯುಳ್ಳದ್ದು ಈ ಸಾಲೇ. ತನ್ನ ಲೆಕ್ಕ ಎಲ್ಲಿ ತಪ್ಪಬಹುದು ಎಂದು ತಾನೇ ಮೊದಲು ಹೇಳುವವರ ಕೈಗೆ ರಿಪೋರ್ಟನ್ನು ಧೈರ್ಯವಾಗಿ ಒಪ್ಪಿಸಬಹುದು.

ಕಳಿಸುವ ಹೊತ್ತೂ ಮುಖ್ಯ. ಅದೇ ದಿನ ಸಂಜೆ ಅಥವಾ ಮರುದಿನ ಕಳಿಸಿದರೆ ಮಾತುಕತೆ ಮ್ಯಾನೇಜರಿಗೆ ನೆನಪಿರುತ್ತದೆ. ವಾರ ಕಳೆದರೆ ಆಯ್ಕೆಯೇ ಮುಗಿದಿರಬಹುದು. ಅವರ ವಿಳಾಸ ಇಲ್ಲದಿದ್ದರೆ ಹುಡುಕಾಡಬಾರದು. ಸಂದರ್ಶನಕ್ಕೆ ಕರೆದ ಎಚ್‌ಆರ್ ಅವರಿಗೆ ಕಳಿಸಿ, ದಯವಿಟ್ಟು ತಲುಪಿಸಿ ಎಂದು ಕೇಳಿದರಾಯಿತು. ಮೇಲ್ ನಾಲ್ಕೈದು ಸಾಲಿರಲಿ: ಧನ್ಯವಾದ, ಯಾವ ಮಾತಿಗೆ ಈ ಉತ್ತರ, ಪುಟದಲ್ಲಿ ಏನಿದೆ, ವಿಳಾಸಗಳು ಕಲ್ಪಿತ ಎಂಬ ವಿವರಣೆ. ಪುಟವನ್ನು ಪಿಡಿಎಫ್ ಆಗಿ ಲಗತ್ತಿಸುವುದು ಒಳ್ಳೆಯದು. ಗೂಗಲ್ ಡ್ರೈವ್ ಲಿಂಕ್ ಕಳಿಸುವುದಾದರೆ, ಲಾಗಿನ್ ಆಗದ ಬ್ರೌಸರಿನಲ್ಲಿ ಒಮ್ಮೆ ತೆರೆದು ನೋಡಬೇಕು. ಅನುಮತಿ ಕೊಡದ ಲಿಂಕ್ ಹೋದರೆ ಮ್ಯಾನೇಜರಿಗೆ ಕಾಣುವುದು ಅನುಮತಿ ಕೇಳುವ ಪರದೆ ಮಾತ್ರ.

ಹಿಂದಿನ ಕಂಪನಿಯ ರಿಪೋರ್ಟ್ ಎಷ್ಟೇ ಚೆನ್ನಾಗಿರಲಿ, ಅದನ್ನು ಕಳಿಸಲೇಬಾರದು. ಹೆಸರು ಅಳಿಸಿದರೂ ಆ ಅಂಕಿಅಂಶ ಅವರ ಸ್ವತ್ತು. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಕಾನೂನಿನ ತೊಡಕೂ ಬರಬಹುದು. ನಾಳೆ ನಮ್ಮ ಕಡತವೂ ಹೀಗೆಯೇ ಹೊರಗೆ ಹೋದೀತು ಎಂದು ಹೊಸ ಮ್ಯಾನೇಜರಿಗೆ ಅನ್ನಿಸುವುದು ಸಹಜ.

ಲೇಖನ ಕಳಿಸುವುದು ಇದಕ್ಕಿಂತ ಸುಲಭ, ಅದಕ್ಕೇ ಅದರ ಪರಿಣಾಮವೂ ಕಡಿಮೆ. ಬರೀ ಲಿಂಕ್ ಹೋದರೆ ಓದುವ ಹೊರೆ ಅವರ ಮೇಲೆ ಬೀಳುತ್ತದೆ. ಯಾವ ಭಾಗ ನೋಡಬೇಕು, ಅವರ ತೊಂದರೆಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಎರಡು ಸಾಲು ಬರೆದರೆ ಮಾತ್ರ ಅದು ನಿಮ್ಮ ಕೊಡುಗೆಯಾಗುತ್ತದೆ.

ಸರ್ಕಾರಿ ನೇಮಕಾತಿಯಲ್ಲಿ ಇದಾವುದಕ್ಕೂ ಕೈ ಹಾಕಬೇಡಿ. ಯಾವುದೇ ರೀತಿ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹಗೊಳಿಸಲಾಗುವುದು ಎಂಬ ಷರತ್ತು ಅಂಥ ಅಧಿಸೂಚನೆಗಳಲ್ಲಿ ಸಾಮಾನ್ಯ. ಖಾಸಗಿ ಕಂಪನಿಯಲ್ಲೂ ಒಂದು ಪುಟ ಕೆಟ್ಟ ಸಂದರ್ಶನವನ್ನು ಸರಿಪಡಿಸುವುದಿಲ್ಲ. ಸರಿಸಮಾನರಾದ ಇಬ್ಬರ ನಡುವೆ ತೂಗುವಾಗ ನೆರವಾಗಬಹುದು, ಅಷ್ಟೇ. ಉತ್ತರ ಬರದಿದ್ದರೆ ಎರಡನೆಯ ಮಾದರಿ ಕಳಿಸುವುದು ಬೇಡ.

ಕಳಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕೆಲಸ ನನಗೆ ಸಿಗದಿದ್ದರೂ ಈ ಪುಟ ಅವರಿಗೆ ಉಪಯೋಗಕ್ಕೆ ಬರುತ್ತದೆಯೇ? ಹೌದಾದರೆ ಕಳಿಸಿ. ಇಲ್ಲವಾದರೆ ಎರಡು ಸಾಲಿನ ಧನ್ಯವಾದವೇ ಸಾಕು.